45 ಮೀಟರ್ ರೈಸರ್, ಕಡಿಮೆ ಲೋಡಿನಲ್ಲಿ ಕಂಪ್ರೆಸರ್ ಸದ್ದು: ಆಯಿಲ್ ವಾಪಸ್ ಬರುತ್ತಿಲ್ಲವೇ?

ತಾಮ್ರದ_ಕೊಳವೆ: ನಮ್ಮದು 28 ಕಿಲೋವ್ಯಾಟ್ ವಿಆರ್‌ಎಫ್, ಅಂದರೆ ಒಂದೇ ಔಟ್‌ಡೋರ್‌ಗೆ ಹಲವು ಇಂಡೋರ್ ಸೇರಿದ ಎಸಿ, ರೆಫ್ರಿಜರೆಂಟ್ ಆರ್-410ಎ. ಔಟ್‌ಡೋರ್ ತಾರಸಿಯ ಮೇಲಿದೆ, ಇಂಡೋರ್‌ಗಳು 45 ಮೀಟರ್ ಕೆಳಗಿವೆ. ಹಗಲು ಎಲ್ಲ ಓಡುವಾಗ ತೊಂದರೆ ಇಲ್ಲ. ರಾತ್ರಿ ಒಂದೇ ಒಂದು 2.2 ಕಿಲೋವ್ಯಾಟ್ ಇಂಡೋರ್ ಓಡಿದರೆ ಮೂರ್ನಾಲ್ಕು ಗಂಟೆಯಲ್ಲಿ ಡಿಸ್ಚಾರ್ಜ್ ತಾಪಮಾನ ಏರುತ್ತದೆ, ಕಂಪ್ರೆಸರ್ ಗರಗರ ಎನ್ನುತ್ತದೆ. ಆಮೇಲೆ ಆಯಿಲ್ ರಿಕವರಿ ಓಡಿದರೆ ಸ್ವಲ್ಪ ಹೊತ್ತು ಸರಿ. ಗ್ಯಾಸ್ ಪೈಪ್ 28.6 ಮಿ.ಮೀ., ಅದು ನೇರ ಮೇಲೇರುವ ರೈಸರ್‌ನಲ್ಲಿ ಆಯಿಲ್ ಹಿಡಿಯುವ ಯು ಆಕಾರದ ಬಾಗು, ಅಂದರೆ ಟ್ರಾಪ್, 7 ಇವೆ. ಅರ್ಧ ಲೀಟರ್ ಆಯಿಲ್ ಹಾಕಿಬಿಡಲಾ?

ಹಳೇ_ಫಿಟ್ಟರ್: ಆಯಿಲ್ ಹಾಕಿ ಸಾರ್, ಏನಾಗುತ್ತೆ? ಟ್ರಾಪ್ ಸಾಕಾಗಿಲ್ಲ ಅಂತ ಕಾಣುತ್ತೆ. ನಾವು ಡಕ್ಟಬಲ್ ಮಷಿನ್‌ಗೆ ಆರು ಮೀಟರ್‌ಗೊಂದು ಹಾಕೇ ಹಾಕ್ತಿದ್ವಿ.

ಮೂರನೇ_ಮಹಡಿ: ನನಗೂ ಇದೇ ತೊಂದರೆ. ಔಟ್‌ಡೋರ್ ಕೆಳಗೆ, ಮೇಲಿನ ಮಹಡಿಗಳಲ್ಲಿ ಬುಸ್ ಬುಸ್ ಸದ್ದು, ತಂಪೂ ಕಡಿಮೆ.

ಗೇಜ್_ನೋಡಿ: ಮೂರನೇ ಮಹಡಿಯವರೇ, ನಿಮ್ಮದು ಬೇರೆ ಕತೆ. ನಿಮ್ಮಲ್ಲಿ ಲಿಕ್ವಿಡ್ ಮೇಲಕ್ಕೆ ಹತ್ತಬೇಕು. ಹತ್ತು ಮೀಟರ್‌ಗೆ ಸುಮಾರು ಒಂದು ಬಾರ್ ಒತ್ತಡ ಹೋಗುತ್ತದೆ. ಸಬ್‌ಕೂಲಿಂಗ್ ಸಾಲದಿದ್ದರೆ, ಅಂದರೆ ಲಿಕ್ವಿಡ್ ಕುದಿಯುವ ತಾಪಮಾನಕ್ಕಿಂತ ಸಾಕಷ್ಟು ತಣ್ಣಗಿಲ್ಲದಿದ್ದರೆ, ದಾರಿಯಲ್ಲೇ ಗುಳ್ಳೆ ಏಳುತ್ತದೆ, ಆ ಸದ್ದು ಅದೇ ಇರಬೇಕು. ಕೂಲಿಂಗ್‌ನಲ್ಲಿ ನಿಮ್ಮ ಆಯಿಲ್ ಗ್ಯಾಸಿನ ಜೊತೆ ಕೆಳಗೇ ಇಳಿಯುತ್ತದೆ.

ಕೊಳವೆಯವರೇ, ಸದ್ಯಕ್ಕೆ ಆಯಿಲ್ ಹಾಕಬೇಡಿ. ಇರುವ ಆಯಿಲ್ ಎಲ್ಲೂ ಹೋಗಿಲ್ಲ, ರೈಸರ್‌ನಲ್ಲಿ ಕೂತಿದೆ ಅಂತ ನನ್ನ ಅನುಮಾನ. ಒಂದೊಂದು ಟ್ರಾಪ್‌ನಲ್ಲಿ 100 ಮಿಲಿ ನಿಂತರೂ ಏಳರಲ್ಲಿ 700 ಮಿಲಿ ಆಯಿತು. ಒಂದು ದಿನ ಎಲ್ಲ ಒಟ್ಟಿಗೆ ವಾಪಸ್ ಬಂದರೆ, ನೀವು ಹಾಕಿದ್ದೂ ಸೇರಿ ಕಂಪ್ರೆಸರ್‌ಗೆ ಪೆಟ್ಟು. ಅಂದ ಹಾಗೆ ಪೈಪ್ 28.6 ಯಾಕೆ? ಈ ಸೈಜಿನ ಮಷಿನ್‌ಗೆ ಸಾಮಾನ್ಯವಾಗಿ 22.2 ಇರುತ್ತದೆ.

ತಾಮ್ರದ_ಕೊಳವೆ: ಕಾಂಟ್ರಾಕ್ಟರ್ ದೊಡ್ಡದು ಮಾಡಿದ್ದು. ನಿಜ ಉದ್ದ 64 ಮೀಟರ್. ಎಲ್ಬೋ, ಜಾಯಿಂಟ್‌ಗೆ ಅಂತ ಸುಮ್ನೆ ಅರ್ಧ ಸೇರಿಸಿ 96 ಮಾಡಿದ್ದಾರೆ. ಕೈಪಿಡಿಯಲ್ಲಿ 90 ಮೀಟರ್ ದಾಟಿದರೆ ಒಂದು ಸೈಜ್ ಏರಿಸಿ ಅಂತಿದೆ.

ಗೇಜ್_ನೋಡಿ: ಸಿಕ್ಕಿತು ನೋಡಿ. ಎಲ್ಬೋ ಎಷ್ಟು, ಬ್ರಾಂಚ್ ಜಾಯಿಂಟ್ ಎಷ್ಟು?

ತಾಮ್ರದ_ಕೊಳವೆ: ಎಲ್ಬೋ 11, ಜಾಯಿಂಟ್ 5.

ಗೇಜ್_ನೋಡಿ: 22.2 ಪೈಪಿನ ಎಲ್ಬೋಗೆ ಸುಮಾರು 0.4 ಮೀಟರ್, ಜಾಯಿಂಟ್‌ಗೆ 0.5 ಹಿಡಿಯಿರಿ. 64ಕ್ಕೆ 4.4, 2.5 ಸೇರಿದರೆ ಸುಮಾರು 71. ಒಂದೊಂದು ಟ್ರಾಪ್‌ಗೆ ಮೂರು ಎಲ್ಬೋ ಲೆಕ್ಕ ಹಾಕಿದರೂ 80 ಮುಟ್ಟುವುದಿಲ್ಲ. ಏರಿಸುವ ಅಗತ್ಯವೇ ಇರಲಿಲ್ಲ.

ಈಗ ವೇಗ ನೋಡಿ. ಪೂರ್ತಿ ಲೋಡಿನಲ್ಲಿ 28.6ರೊಳಗೆ ಗ್ಯಾಸ್ ಸುಮಾರು 9 ಮೀ/ಸೆ ಓಡುತ್ತದೆ, 22.2ರಲ್ಲಿ 15 ದಾಟುತ್ತದೆ. ಆಯಿಲ್ ಮೇಲೆ ಹತ್ತಲು 5 ಬೇಕು ಅನ್ನುವುದು ನಾವು ಬಳಸುವ ಅಂದಾಜು. ಪೈಪ್ ದಪ್ಪವಾದಷ್ಟೂ ಅದು ಇನ್ನೂ ಜಾಸ್ತಿ ಬೇಕು.

ಲೆಕ್ಕದ_ಪುಟ: ಆದರೆ 2.2 ಕಿಲೋವ್ಯಾಟ್ ಓಡುವಾಗ 22.2ರಲ್ಲೂ 1.2 ಮೀ/ಸೆ ಅಷ್ಟೇ ಬರುತ್ತೆ. ಅಂದರೆ ಸರಿಯಾದ ಪೈಪ್ ಹಾಕಿದ್ದರೂ ಆಯಿಲ್ ಹತ್ತುತ್ತಿರಲಿಲ್ಲ, ಅಲ್ವಾ?

ಗೇಜ್_ನೋಡಿ: ಹೌದು, ಹತ್ತುತ್ತಿರಲಿಲ್ಲ. ಇಷ್ಟು ಕಡಿಮೆ ಲೋಡಿನಲ್ಲಿ, ಪೂರ್ತಿ ಲೋಡಿಗೆ ಅಂತ ಹಾಕಿದ ಪೈಪ್ ಆಯಿಲ್ ಎತ್ತುವುದಿಲ್ಲ, ಅದಕ್ಕೇ ರಿಕವರಿ ಮೋಡ್ ಇರುವುದು. ಎಲ್ಲ ಇಂಡೋರ್‌ಗಳ ವಾಲ್ವ್ ತೆರೆದು, ಕಂಪ್ರೆಸರ್ ವೇಗ ಏರಿಸಿ, ರೆಫ್ರಿಜರೆಂಟ್‌ನಿಂದಲೇ ಪೈಪ್ ತೊಳೆದ ಹಾಗೆ ಮಾಡುತ್ತದೆ. ಹಾಗಾಗಿ ನೋಡಬೇಕಾದ್ದು ರಾತ್ರಿಯ ವೇಗ ಅಲ್ಲ, ರಿಕವರಿ ಹೊತ್ತಿನ ವೇಗ. ಸರ್ವಿಸ್ ಸಾಫ್ಟ್‌ವೇರ್ ಹಾಕಿ ಆಗ ಎಷ್ಟು ಓಡುತ್ತದೆ ನೋಡಿ. ಮಷಿನ್‌ನಲ್ಲಿ ರೆಫ್ರಿಜರೆಂಟ್ ಕಡಿಮೆಯಿದ್ದರೂ ಡಿಸ್ಚಾರ್ಜ್ ತಾಪಮಾನ ಏರುತ್ತದೆ, ಆದರೆ ಅದು ಹಗಲು ಪೂರ್ತಿ ಲೋಡಿನಲ್ಲೇ ಮೊದಲು ಕಾಣುತ್ತದೆ.

ತಾಮ್ರದ_ಕೊಳವೆ: ನೋಡಿದೆ. ರಿಕವರಿಯಲ್ಲಿ ಕಂಪ್ರೆಸರ್ ಹೆಚ್ಚುಕಡಿಮೆ ಅರ್ಧ ಸಾಮರ್ಥ್ಯಕ್ಕೆ ಏರುತ್ತದೆ. ನಿಮ್ಮ ಲೆಕ್ಕದಲ್ಲಿ 28.6ಕ್ಕೆ 4.5 ಮೀ/ಸೆ. ಇನ್ನೊಂದು ವಿಷಯ ಗೊತ್ತಾಯಿತು. ಎರಡು ಇಂಡೋರ್‌ಗಳ ಎಂಸಿಬಿಯನ್ನು ಕಾವಲುಗಾರ ಸಂಜೆ ಆಫ್ ಮಾಡುತ್ತಿದ್ದ. ಅವುಗಳ ವಾಲ್ವ್ ತೆರೆದೇ ಇರಲಿಲ್ಲ.

ಗೇಜ್_ನೋಡಿ: ಹಾಗಾದರೆ ಮೊದಲು ಎಂಸಿಬಿ ಆಫ್ ಮಾಡುವುದನ್ನು ನಿಲ್ಲಿಸಿ, ಬೇಡವಾದರೆ ರಿಮೋಟ್‌ನಲ್ಲಿ ಆಫ್ ಮಾಡಲಿ. 22.2ರಲ್ಲಿ ಅದೇ ಅರ್ಧಕ್ಕೆ 7.8 ಬರುತ್ತಿತ್ತು. ರೈಸರ್ ಬದಲಿಸಿ, ಟ್ರಾಪ್ ತೆಗೆಯಿರಿ. ಟ್ರಾಪ್ ಬಗ್ಗೆ ಮಾತ್ರ ನಿಮ್ಮ ಮಷಿನ್ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆ. ಕೆಲವರು ಹತ್ತು ಮೀಟರ್‌ಗೊಂದು ಕೇಳುತ್ತಾರೆ, ಕೆಲವರು ಬೇಡವೇ ಬೇಡ ಅನ್ನುತ್ತಾರೆ.

ಹಳೇ_ಫಿಟ್ಟರ್: ಟ್ರಾಪ್ ತಗೀಬೇಡಿ ಅಂತ ನಾನು ಈಗಲೂ ಹೇಳ್ತೀನಿ.

ತಾಮ್ರದ_ಕೊಳವೆ: ಎಂಸಿಬಿ ಆನ್ ಇಟ್ಟು ಒಂದು ವಾರವಾಯಿತು. ಗರಗರ ಈಗ ನಾಲ್ಕು ಗಂಟೆ ಓಡಿದ ಮೇಲಲ್ಲ, ಏಳು ಗಂಟೆ ಓಡಿದ ಮೇಲೆ ಬರುತ್ತಿದೆ. ಪೂರ್ತಿ ಹೋಗಿಲ್ಲ. ಶಾಫ್ಟ್ ಒಡೆದು ಪೈಪ್ ಬದಲಿಸಲು ಮಾಲೀಕರು ಒಪ್ಪುತ್ತಿಲ್ಲ. ಎರಡು ರಿಕವರಿಗಳ ನಡುವಿನ ಅಂತರವನ್ನು ಫೀಲ್ಡ್ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಬಹುದೇ ಎಂದು ತಯಾರಕರನ್ನು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.