ಅಪ್‌ಡೇಟ್: ಜರ್ಮನ್ ಡಾಕ್ಟರ್ ಹತ್ರ ಎದೆಯುರಿ ಹೇಳಿದ್ದು

ನಾನು ಕೇಳಿದ್ದು: "ಹೊಟ್ಟೆ ಉರಿಯುತ್ತೆ ಅಂತ ಜರ್ಮನ್‌ನಲ್ಲಿ ಡಾಕ್ಟರ್‌ಗೆ ಹೇಗೆ ಹೇಳೋದು?"

ನಿನ್ನೆ ಹೋಗಿ ಬಂದೆ. ಮೊದಲು 'ಬೌಖ್' ಅಂದೆ. ಡಾಕ್ಟರ್ ಹೊಕ್ಕುಳ ಕೆಳಗೆ ಒತ್ತಿ ನೋಡತೊಡಗಿದರು! ನಮಗೆ ಎಲ್ಲವೂ ಹೊಟ್ಟೆಯೇ ಅಲ್ವಾ? ಅಲ್ಲಿ 'ಬೌಖ್' ಅಂದರೆ ಇಡೀ ಹೊಟ್ಟೆಭಾಗ, ಜಠರಕ್ಕೆ 'ಮಾಗೆನ್'. ಎದೆಮೂಳೆ ಮೇಲೆ ಬೆರಳಿಟ್ಟು, ಬರೆದುಕೊಂಡಿದ್ದನ್ನು ಓದಿದೆ: 'ಇಷ್ ಹಾಬೆ ಜೈಟ್ ಟ್ಸ್ವೈ ವೊಖೆನ್ ಜೋಡ್‌ಬ್ರೆನ್ನೆನ್.' ಎರಡು ವಾರದಿಂದ ಎದೆಯುರಿ ಅಂತ. ತಕ್ಷಣ ಅರ್ಥವಾಯಿತು. ಊಟ ಆದ ಮೇಲೆ ಜಾಸ್ತಿಯಾಗುತ್ತಾ, ಮಲಗಿದಾಗಲಾ ಅಂತ ಕೇಳಿದರು.

ಚೀಟಿ ಕೊಡಲಿಲ್ಲ. ಔಷಧಿ ಅಂಗಡಿಯಲ್ಲಿ ವಿಮಾ ಕಾರ್ಡ್ ಕೊಟ್ಟರೆ ಸಾಕು, ಪ್ರಿಸ್ಕ್ರಿಪ್ಷನ್ ಅವರಿಗೇ ಕಾಣುತ್ತೆ. ಅಂಗಡಿಯವರು ಜಠರದ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಕೊಟ್ಟು, ಡಬ್ಬಿ ಮೇಲೆ ಪೆನ್ನಿನಲ್ಲಿ 1-0-0 ಅಂತ ಬರೆದರು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅನ್ನೋ ಕ್ರಮ ಅದು. ಅಂದರೆ ಬೆಳಗ್ಗೆ ಮಾತ್ರ ಒಂದು.

ಜೊತೆಗೆ 'ನ್ಯುಷ್ಟರ್ನ್' ಅಂದರು. ಕುಡಿದಿರಬಾರದು ಅಂತ ತಿಳಿದುಕೊಂಡಿದ್ದೆ, ಆ ಅರ್ಥವೂ ಇದೆ. ಇಲ್ಲಿ ಖಾಲಿ ಹೊಟ್ಟೆಯಲ್ಲಿ ಅಂತ. ತಿಂಡಿಗೆ ಒಂದು ಗಂಟೆ ಮೊದಲು ನೀರಿನ ಜೊತೆ ನುಂಗಬೇಕು. 'ಉನ್‌ತ್ಸೆರ್‌ಕೌಟ್' ಅಂದರೆ ಅಗಿಯದೆ. ಅಗಿದರೆ ಔಷಧಿಯನ್ನು ಜಠರದ ಆಮ್ಲದಿಂದ ಕಾಪಾಡುವ ಹೊರಪದರ ಒಡೆದುಹೋಗುತ್ತಂತೆ.

ಇವತ್ತು ಆರೂವರೆಗೆ ಮೊದಲ ಮಾತ್ರೆ ನುಂಗಿದೆ.