‘ಅಂತ ಅಲ್ಲ’ ಎಲ್ಲಿ ಹೋಯ್ತು?

ನಾವು ಮೂವರು ಸೇರುವಷ್ಟರಲ್ಲಿ ಸೀನ ಕೆಂಡವಾಗಿದ್ದ. ಹಿಂದಿನ ರಾತ್ರಿ ಅವನು ನೋಡುವ ರಿಯಾಲಿಟಿ ಶೋದಲ್ಲಿ ಒಬ್ಬಳು ತನ್ನ ಜೋಡಿಗಾರನ ಬೆನ್ನಿಗೆ ಚೂರಿ ಹಾಕಿದ್ದಳಂತೆ.

“ಹಗಲೆಲ್ಲ ಅವನ ಜೊತೆ ನಕ್ಕೊಂಡಿದ್ದು, ಒಂಟಿ ರೂಮಿಗೆ ಹೋಗಿ ಕ್ಯಾಮೆರಾ ಮುಂದೆ ‘ಅವನ ಮೇಲೆ ನನಗೆ ನಂಬಿಕೆ ಇಲ್ಲ’ ಅಂದುಬಿಟ್ಟಳಲ್ಲೋ!”

ಪದ್ದಿ ತಲೆ ಎತ್ತಿದಳು. ಇಂಥದ್ದೇ ಒಂದು ಶೋದ ಎಡಿಟಿಂಗ್ ರೂಮಿನಲ್ಲಿ ಎರಡು ವರ್ಷ ಕಣ್ಣು ಹಾಳು ಮಾಡಿಕೊಂಡವಳು. “ಹಾಗಂದಾಗ ಅವಳ ಬಾಯಿ ಕಾಣಿಸ್ತಾ?”

“ಬಾಯಿ ನೋಡೋಕೆ ನಾನೇನು ಹಲ್ಲಿನ ಡಾಕ್ಟರಾ?”

ಫೋನಿನಲ್ಲಿ ಮತ್ತೆ ಹಾಕಿ ನೋಡಿದೆವು. ‘ಅವನ ಮೇಲೆ ನನಗೆ’ ಅನ್ನುವ ತನಕ ಅವಳ ಮುಖ. ‘ನಂಬಿಕೆ ಇಲ್ಲ’ ಬರುವ ಹೊತ್ತಿಗೆ ಪರದೆ ಮೇಲೆ ಆ ಹುಡುಗ, ಪಾಪ, ಯಾವುದೋ ಹಗ್ಗ ಬಿಚ್ಚುತ್ತಿದ್ದಾನೆ. ಹಿಂದೆಯೇ ‘ಢಂ’ ಅಂತ ಒಂದು ಸದ್ದು.

“ಇವಳು ನಿಜವಾಗಿ ಏನಂದಳೋ ನನಗೆ ಗೊತ್ತಿಲ್ಲ” ಅಂದಳು ಪದ್ದಿ. “ಆದರೆ ಈ ಕೆಲಸ ನಾನೇ ಎಷ್ಟೋ ಸಲ ಮಾಡಿದ್ದೀನಿ. ಸ್ಪರ್ಧಿ ಹೇಳಿರೋದು, ‘ಅವನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅಲ್ಲ, ಇವತ್ತು ಅವನಿಗೆ ಹುಷಾರಿಲ್ಲ.’ ‘ಇಲ್ಲ’ ಆದಮೇಲೆ ಕತ್ತರಿ ಹಾಕಿದರೆ ಮುಗೀತು. ಕನ್ನಡದಲ್ಲಿ ಮಾತಿನ ಬಾಲದಲ್ಲೇ ಅರ್ಥ ಇರೋದು. ಬಾಲ ಕತ್ತರಿಸಿದರೆ ನಾಯಿ ಹುಲಿ ಆಗುತ್ತೆ.”

“ಮತ್ತೆ ಮುಖ ಯಾಕೆ ಬದಲಾಯಿಸಬೇಕು?”

“ತುಟಿ ಇನ್ನೂ ಆಡ್ತಾ ಇರುತ್ತಲ್ಲ! ಅದನ್ನ ಮುಚ್ಚೋಕೆ. ಇನ್ನೊಂದು ತೊಂದರೆ ದನಿಯದ್ದು. ಮಾತು ಮುಗಿಸುವಾಗ ದನಿ ಕೆಳಗಿಳಿಯುತ್ತೆ. ನಡುವೆ ಕತ್ತರಿಸಿದರೆ ‘ಇಲ್ಲ’ ಮೇಲೇ ನೇತಾಡುತ್ತೆ. ಅದಕ್ಕೇ ಢಂ. ಇನ್ನೂ ಧೈರ್ಯ ಇದ್ದರೆ ಬೇರೆ ದಿನದ ಮಾತನ್ನೂ ತಂದು ಹೊಲೀತೀವಿ. ಇಂಗ್ಲಿಷಿನವರು ಇದಕ್ಕೆ ಫ್ರಾಂಕನ್‌ಬೈಟ್ ಅಂತಾರೆ. ಫ್ರಾಂಕನ್‌ಸ್ಟೈನ್ ಕಥೆಯಲ್ಲಿ ಹೆಣದ ತುಂಡು ಜೋಡಿಸಿ ರಾಕ್ಷಸನ್ನ ಮಾಡಿದ ಹಾಗೆ.”

ನಾನು ನಡುವೆ ಬಾಯಿ ಹಾಕಿದೆ. “ಬೇರೆ ದಿನದ್ದು ಅಂತ ಬಟ್ಟೆ ನೋಡಿದರೇ ಗೊತ್ತಾಗಲ್ವಾ?”

“ಅದಕ್ಕೇ ಎಷ್ಟೋ ಶೋಗಳಲ್ಲಿ ಆ ರೂಮಿಗೆ ಬರುವಾಗೆಲ್ಲ ಒಂದೇ ಅಂಗಿ ಹಾಕಿಸ್ತಾರೆ. ಕೂದಲೂ ಹಾಗೇ ಇರಬೇಕು. ಪ್ರಶ್ನೆ ಕೇಳುವವರು ಕ್ಯಾಮೆರಾ ಹಿಂದೆ ಇರ್ತಾರೆ, ಅವರ ದನಿ ತೆಗೆದುಹಾಕ್ತೀವಿ. ಆದ್ದರಿಂದ ಪ್ರಶ್ನೆಯನ್ನೂ ಉತ್ತರದಲ್ಲೇ ಸೇರಿಸಿ ಹೇಳು ಅಂತಾರೆ. ‘ಅವನ ಮೇಲೆ ಸಿಟ್ಟಿದೆಯಾ?’ ಅಂತ ಇವರು ಕೇಳಿದ್ದು. ನಿನಗೆ ಕಾಣೋದು ಅವಳಾಗಿ ಅವಳೇ ಸಿಟ್ಟಿನ ವಿಷಯ ತೆಗೆದ ಹಾಗೆ. ಅದೂ ಈಗ ನಡೀತಿದೆ ಅನ್ನೋ ಥರಾನೇ ಹೇಳಬೇಕು. ಬೆಳಿಗ್ಗೆ ಸೋತವನು ಮಧ್ಯಾಹ್ನ ಕೂತು ‘ಇದನ್ನ ನಾನು ಗೆದ್ದೇ ಗೆಲ್ತೀನಿ’ ಅಂತಾನೆ.”

“ಥೂ! ನಾನು ಅವನಿಗೋಸ್ಕರ ದೇವರಿಗೆ ಕೈ ಮುಗಿದಿದ್ದೆ” ಅಂದ ಸೀನ. ದೇವರಿಗೂ ಫಲಿತಾಂಶ ಮೊದಲೇ ಗೊತ್ತಿತ್ತು ಅನ್ನೋದು ಅವನಿಗೆ ಹೊಳೆಯಲಿಲ್ಲ. “ಹೋಗಲಿ, ಟಾಸ್ಕ್ ಆದರೂ ನಿಜ ತಾನೇ? ನಿನ್ನೆ ಕೂದಲೆಳೆಯಲ್ಲಿ ಗೆದ್ದರು!”

ಪದ್ದಿ ನಕ್ಕಳು. “ಟಾಸ್ಕನ್ನ ಮೊದಲು ಸಿಬ್ಬಂದಿ ಕೈಲಿ ಆಡಿಸಿ ನೋಡ್ತಾರೆ. ಎಷ್ಟು ಹೊತ್ತು ಹಿಡಿಯುತ್ತೆ, ಯಾರಿಗಾದರೂ ಪೆಟ್ಟಾಗುತ್ತಾ, ಕ್ಯಾಮೆರಾ ಎಲ್ಲಿಡಬೇಕು ಅಂತ. ಓಟ, ಹಗ್ಗ ಎಲ್ಲ ಆದಮೇಲೆ ಕೊನೆಗೆ ಒಂದು ಒಗಟು ಇಡೋದು ಯಾಕೆ ಹೇಳು? ಓಡಿ ಮುಂದೆ ಹೋದವನು ಅಲ್ಲಿ ತಲೆ ಕೆರಕೊಂಡು ನಿಂತರೆ ಹಿಂದಿದ್ದವನು ಬಂದು ಸೇರ್ತಾನೆ. ಸೇರದೇ ಹೋದರೆ ನಾವಿದ್ದೀವಲ್ಲ. ಒಬ್ಬ ಹತ್ತು ನಿಮಿಷ ಮೊದಲೇ ಮುಗಿಸಿದ್ದರೂ ಅವನ ಕೈ, ಇವನ ಬೆವರು, ಅವನ ಕೈ, ಇವನ ಬೆವರು ಅಂತ ಜೋಡಿಸಿದರೆ ಕೂದಲೆಳೆ ರೆಡಿ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸದೇ ಇದ್ದರೆ ಅನುಮಾನ ಪಡು.”

“ಹಾಗಾದರೆ ಗೆದ್ದವನೂ ಸುಳ್ಳಾ?”

“ಅದು ಬೇರೆ ವಿಷಯ. ಅಮೆರಿಕದಲ್ಲಿ 1950ರ ದಶಕದಲ್ಲಿ ಟಿವಿ ಕ್ವಿಜ್‌ಗಳವರು ಉತ್ತರ ಮೊದಲೇ ಹೇಳಿಕೊಟ್ಟು ಸಿಕ್ಕಿಬಿದ್ದರು. 1960ರಲ್ಲಿ ಅಲ್ಲಿ ಅದಕ್ಕೆ ಕಾನೂನೇ ಬಂತು. ಬುದ್ಧಿ, ಕೌಶಲ, ಅದೃಷ್ಟದ ಪಂದ್ಯದ ಫಲಿತಾಂಶವನ್ನ ಗುಟ್ಟಾಗಿ ಮೊದಲೇ ಗೊತ್ತುಮಾಡಿ ಜನರಿಗೆ ಮೋಸ ಮಾಡಿದರೆ ಅಪರಾಧ. ಆದರೆ ಆ ಹತ್ತು ನಿಮಿಷದ ಗೆಲುವನ್ನ ಕೂದಲೆಳೆ ಮಾಡಬಾರದು ಅಂತ ಅದರಲ್ಲಿ ಬರೆದಿಲ್ಲ.”

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. ಒಂದು ಅಪರೂಪದ ಘಟನೆ ಅದು. ನನಗೆ ಇದೇ ಸಮಯ ಅನ್ನಿಸಿ, ಅವನಿಗೆ ಕೊಟ್ಟಿದ್ದ ಕೈಸಾಲದ ವಿಷಯ ತೆಗೆದೆ.

ಅವನಿಗೆ ರೇಗಿತು. “ನಿನ್ನ ದುಡ್ಡು ಈ ವಾರವೇ ಕೊಡ್ತೀನಿ ಅಂತ ನಾನು ಯಾವತ್ತು ಹೇಳಿದ್ದೆ?”

ಪದ್ದಿಯ ಕೈಯಲ್ಲಿ ಫೋನಿತ್ತು, ರೆಕಾರ್ಡ್ ಆಗುತ್ತಿತ್ತು. ಎರಡು ನಿಮಿಷ ಬೆರಳಾಡಿಸಿ ನಮ್ಮ ಕಡೆ ತಿರುಗಿಸಿದಳು. ಪರದೆ ಮೇಲೆ ನನ್ನ ಸಪ್ಪೆ ಮುಖ, ಹಿಂದಿನಿಂದ ಸೀನನ ದನಿ: “ನಿನ್ನ ದುಡ್ಡು ಈ ವಾರವೇ ಕೊಡ್ತೀನಿ.”

“ಢಂ ನೀನೇ ಹಾಕ್ಕೋ” ಅಂದಳು ನನಗೆ.