ರಾಜನ ಎದೆ ಮೇಲಿನ ಆನೆ ಮತ್ತು ನಮ್ಮ ಮನೆ ಗ್ರೂಪು

ರಘು: (ಮೂರು ಫೋಟೋ) ಎಲ್ಲರೂ ಸ್ವಲ್ಪ ನೋಡಿ. ಐದನೇ ಜಾರ್ಜ್ ಬೆಳ್ಳಿ ರೂಪಾಯಿ, 1911. ‘ಹಂದಿ ರೂಪಾಯಿ’ ಅಂತಾರಲ್ಲ, ಅದೇ. 12,000 ಹೇಳುತ್ತಿದ್ದಾರೆ. ನಾಳೆ ಸಂಜೆಯೊಳಗೆ ಅಡ್ವಾನ್ಸ್ ಹಾಕಬೇಕಂತೆ.

ಸಾವಿತ್ರಿ ಅತ್ತೆ: ಇದೇನೋ ಹೆಸರು, ಹಂದಿ ರೂಪಾಯಿ?

ರಘು: ರಾಜನ ನಿಲುವಂಗಿ ಮೇಲೆ ಒಂದು ಪುಟ್ಟ ಆನೆ ಇದೆ ಅತ್ತೆ. 1911ರಲ್ಲಿ ಕೆತ್ತಿದ ಆನೆಗೆ ಸೊಂಡಿಲು ತೀರಾ ಮೊಂಡು. ಜನಕ್ಕೆ ಅದು ಹಂದಿ ಥರ ಕಾಣಿಸಿತು. ಮುಸ್ಲಿಮರು ಬೇಡ ಅಂದರು. ಸುಮಾರು 94 ಲಕ್ಷ ನಾಣ್ಯ ಅಚ್ಚು ಹಾಕಿದ್ದರೂ ಹೊರಗೆ ಬಂದದ್ದು 7 ಲಕ್ಷದಷ್ಟೇ. ಉಳಿದದ್ದನ್ನೆಲ್ಲ ಕರಗಿಸಿದರು. 1912ರಿಂದ ಆನೆಯನ್ನು ತಿದ್ದಿ ಕೆತ್ತಿದರು.

ಮಂಜು: ಆನೆ ಇದ್ದರೂ ಸಾವಿರ, ಹಂದಿ ಆದರೂ ಹನ್ನೆರಡು ಸಾವಿರ 😄

ಸೀನು ಚಿಕ್ಕಪ್ಪ: ರಘು, ಒಂದು ಪೈಸೆ ಹಾಕಬೇಡ. ಮೂರನೇ ಫೋಟೋದಲ್ಲಿ ಅಂಚು ನೋಡು. ಗೆರೆ ಕಾಣುತ್ತಿದೆ. ಅದು ಪಾರ್ಟಿಂಗ್ ಲೈನ್. ಎರಡು ಅಚ್ಚು ಸೇರುವ ಜಾಗದಲ್ಲಿ ಲೋಹ ಹೊರಗೆ ಒಸರುತ್ತೆ. ಇದು ಎರಕದ ಮಾಲು. ಜೀವಮಾನವೆಲ್ಲ ಫೌಂಡ್ರಿಯಲ್ಲಿ ಕಳೆದವನು ಹೇಳ್ತಾ ಇದ್ದೀನಿ.

ರಘು: ಚಿಕ್ಕಪ್ಪ, ತೂಕ 11.5 ಗ್ರಾಂ ಅಂತ ತಕ್ಕಡಿಯಲ್ಲಿ ಇಟ್ಟು ತೋರಿಸಿದ್ದಾರೆ. ಹೊಸದರಲ್ಲಿ 11.66 ಇರುತ್ತೆ. ಸವೆತ ಲೆಕ್ಕ ಹಾಕಿದರೆ ಸರಿಯಾಗಿದೆ ಅಲ್ವಾ?

ವೀಣಾ: ಚಿಕ್ಕಪ್ಪ, ಆ ಗೆರೆ ನಾನೂ ನೋಡಿದೆ. ಆದರೆ ಎರಕದ ಗೆರೆ ಆಗಿದ್ದರೆ ಅಂಚಿನ ಸುತ್ತಲೂ ಓಡಬೇಕು. ಇದು ಒಂದೇ ಕಡೆ ಇದೆ, ರಾಜನ ತಲೆಯ ನೇರ ಮೇಲೆ. ರಘು, ಅವರಿಂದ ಅಂಚಿನ ನಾಲ್ಕು ಬದಿಯ ಫೋಟೋ ತರಿಸು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. ಸುಮ್ನೆ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸಿಬಿಡುತ್ತೆ. ಬೇಕಾದ ಗೆರೆಯೇ ಮಾಯ ಆಗುತ್ತೆ.

ಸೀನು ಚಿಕ್ಕಪ್ಪ: ಗೆರೆಯನ್ನು ಅರದಲ್ಲಿ ಉಜ್ಜಿ ತೆಗೆದಿರಬಹುದು. ಒಂದು ಕಡೆ ಉಳಿದಿದೆ ಅಷ್ಟೆ.

ವೀಣಾ: ಉಜ್ಜಿದರೂ ಗುರುತು ಬಿಡುತ್ತೆ ಚಿಕ್ಕಪ್ಪ. (ಫೋಟೋ) ಇದು ನನ್ನ ಹತ್ತಿರ ಇರುವ ನಕಲಿ, ವಿಕ್ಟೋರಿಯಾ ರೂಪಾಯಿ, ಎರಕದ್ದೇ. ಅಂಚಿನ ಹಲ್ಲುಗಳು ನಾಣ್ಯದ ದಪ್ಪಕ್ಕೆ ನೇರವಾಗಿ, ಮೇಲಿಂದ ಕೆಳಗೆ ಇವೆ. ಅರದ ಗೀರುಗಳು ಅಂಚಿನ ಉದ್ದಕ್ಕೆ, ಹಲ್ಲುಗಳನ್ನು ಅಡ್ಡ ಕತ್ತರಿಸಿ ಹೋಗಿವೆ. ಹಲ್ಲುಗಳ ತುದಿಯೂ ಮೊಂಡು. ಅಕ್ಷರಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಗುಂಡಿಗಳಿವೆ, ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡದ್ದು. ಇದು ನಿಮಗೆ ನಾನು ಹೇಳಿಕೊಡಬೇಕಾ!

ಸೀನು ಚಿಕ್ಕಪ್ಪ: ಹೌದು, ಇದು ಅಪ್ಪಟ ಎರಕ. ಗಾಳಿ ಹೋಗಲು ದಾರಿಯನ್ನೇ ಬಿಟ್ಟಿಲ್ಲ, ಅರೆಬರೆ ಕೆಲಸ.

ರಘು: (ನಾಲ್ಕು ಫೈಲ್) ಬಂತು ನೋಡಿ.

ವೀಣಾ: ಚೆನ್ನಾಗಿದೆ. ಮೂರು ಬದಿಯಲ್ಲಿ ಹಲ್ಲುಗಳು ಚೂಪಾಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಲ್ಲೂ ತುಂಡಾಗದೆ ಬಂದಿವೆ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಹಲ್ಲಿರುವ ಬಳೆಯೊಳಗೆ ಕೂರಿಸಿ ಮೇಲೆ ಕೆಳಗೆ ಅಚ್ಚು ಒತ್ತುತ್ತಾರೆ. ಅಂಚಿನ ನಡುವೆ ಜೋಡಣೆಯ ಜಾಗವೇ ಇರುವುದಿಲ್ಲ. ಲೋಹ ಒಸರಿದರೂ ಬಳೆಗೂ ಅಚ್ಚಿಗೂ ನಡುವೆ, ಅಂದರೆ ಮುಖದ ತುದಿಯಲ್ಲಿ ತೆಳ್ಳಗೆ ಎದ್ದು ನಿಲ್ಲುತ್ತೆ, ನಡುವಿನಲ್ಲಲ್ಲ. ನಾಲ್ಕನೇ ಬದಿಯಲ್ಲಿ ಮಾತ್ರ ಹಲ್ಲು ಸವರಿ ನಯವಾಗಿದೆ. ನೀವು ನೋಡಿದ ಗೆರೆ ಅಲ್ಲೇ ಇದೆ.

ಸಾವಿತ್ರಿ ಅತ್ತೆ: ಅಯ್ಯೋ, ಅದು ಕೊಂಡಿ ಬೆಸೆದ ಜಾಗ ಕಣ್ರೋ! ನಮ್ಮ ಅಜ್ಜಿ ರೂಪಾಯಿ ಸರ ಹಾಕುತ್ತಿದ್ದರು. ಕೊಂಡಿ ಕಿತ್ತು ಅಕ್ಕಸಾಲಿಗ ಉಜ್ಜಿ ಕೊಟ್ಟರೆ ಹೀಗೇ ಕಾಣುತ್ತೆ.

ವೀಣಾ: ಅತ್ತೆ ಹೇಳಿದ್ದೇ ಸರಿ. ತಲೆಯ ನೇರಕ್ಕೆ ಇರುವುದೂ ಅದಕ್ಕೇ, ರಾಜ ನೆಟ್ಟಗೆ ನೇತಾಡಬೇಕಲ್ಲ.

ರಘು: ಹಾಗಾದರೆ ಅಸಲಿ! ಅಡ್ವಾನ್ಸ್ ಹಾಕಲಾ?

ವೀಣಾ: ತಾಳು. ಬೆಳ್ಳಿ ಅಸಲಿ, ಅಚ್ಚೂ ಅಸಲಿ. ಇಸವಿ ಅಸಲಿ ಅಂತ ನಾನು ಹೇಳಲಿಲ್ಲ.

ರಘು: ತೂಕ ಸರಿ, ಅಂಚು ಸರಿ. ಇನ್ನೇನು ಬೇಕು?

ವೀಣಾ: ಅಸಲಿ ನಾಣ್ಯದ ಒಂದೇ ಒಂದು ಅಂಕಿ ತಿದ್ದಿದರೆ ತೂಕ ಎಷ್ಟು ಕಡಿಮೆ ಆಗುತ್ತೆ ಹೇಳು? ಕಣದಷ್ಟು. ಅಂಚು ಹಾಗೇ ಇರುತ್ತೆ. ಎರಕಕ್ಕೆ ಮಾಡುವ ಪರೀಕ್ಷೆ ಎಲ್ಲವೂ ಪಾಸ್ ಆಗುತ್ತೆ. ಈಗ ಎರಡನೇ ಫೋಟೋ ದೊಡ್ಡದು ಮಾಡಿ 1911 ಅನ್ನು ನೋಡು. ಮೊದಲ 1ಕ್ಕೂ 9ಕ್ಕೂ ನಡುವೆ ಇರುವ ಜಾಗ, 9ಕ್ಕೂ ಮುಂದಿನ 1ಕ್ಕೂ ಇರುವ ಜಾಗ ಹೆಚ್ಚುಕಮ್ಮಿ ಒಂದೇ. ಕೊನೆಯ 1 ಮಾತ್ರ ಬಲಕ್ಕೆ ದೂರ ನಿಂತಿದೆ.

ಮಂಜು: ಜಗಳ ಆಡಿರಬೇಕು 😂

ವೀಣಾ: ಅದು 4 ಆಗಿತ್ತು ಅಂತ ನನ್ನ ಅನುಮಾನ. 1914. 4ರ ನೆಟ್ಟಗಿನ ಕಂಬ ಅಂಕಿಯ ಬಲಭಾಗದಲ್ಲಿ ಇರುತ್ತೆ. ಎಡಗಡೆಯ ಓರೆಗೆರೆ, ಅಡ್ಡಗೆರೆ ಕೆರೆದು ತೆಗೆದರೆ ಕಂಬ ಉಳಿದು 1 ಆಗುತ್ತೆ. ಆದರೆ ಕಂಬವನ್ನು ಎಡಕ್ಕೆ ಸರಿಸಲು ಆಗುವುದಿಲ್ಲ. ಆ ಖಾಲಿ ಜಾಗ ಹಾಗೇ ಉಳಿಯುತ್ತೆ.

ಸೀನು ಚಿಕ್ಕಪ್ಪ: ಖಾಲಿ ಜಾಗ ನೋಡಿ ಕಳ್ಳ ಅನ್ನುವುದಾ? ಫೋನ್ ಕ್ಯಾಮೆರಾ ಓರೆಯಾಗಿದ್ದರೂ ಅಂತರ ಜಾಸ್ತಿ ಕಾಣಬಹುದು.

ವೀಣಾ: ಸರಿಯಾದ ಮಾತು. ಈಗಿನ ಫೋನುಗಳು ಅಂಕಿಯ ಸುತ್ತ ತಾವೇ ಬಿಳಿ ಅಂಚು ಹಾಕುತ್ತವೆ, ಅದೂ ಕೆರೆದ ಹಾಗೆ ಕಾಣುತ್ತೆ. ಅದಕ್ಕೇ ಇನ್ನೊಂದು ಫೋಟೋ ಬೇಕು. ಕೋಣೆಯ ದೀಪ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ನಾಣ್ಯದ ಪಕ್ಕದಿಂದ, ಬಹಳ ತಗ್ಗಾಗಿ ಹಿಡಿಯಬೇಕು. ಕ್ಯಾಮೆರಾ ನೇರ ಮೇಲೆ. ಆಮೇಲೆ ಟಾರ್ಚನ್ನು ಎದುರು ಬದಿಗೆ ತಂದು ಇನ್ನೊಂದು. ತಗ್ಗು ನಿಜವಾಗಿದ್ದರೆ ನೆರಳು ಬದಿ ಬದಲಿಸುತ್ತೆ. ಕ್ಯಾಮೆರಾ ಹಾಕಿದ ಬಿಳಿ ಅಂಚು ಬದಲಾಗುವುದಿಲ್ಲ.

ರಘು: (ಎರಡು ಫೈಲ್) ಬೇಜಾರು ಮಾಡಿಕೊಂಡೇ ಕಳಿಸಿದರು. “ಕೊಳ್ಳುವವರು ಇಷ್ಟೆಲ್ಲ ಕೇಳಲ್ಲ” ಅಂದರು.

ವೀಣಾ: ಕೊನೆಯ 1ರ ಎಡಕ್ಕೆ ನೋಡಿ. ನೆಲ ಅಲ್ಲಿ ಬಟ್ಟಲಿನ ಹಾಗೆ ತಗ್ಗಾಗಿದೆ. ನೆರಳು ಎರಡೂ ಫೋಟೋದಲ್ಲಿ ಬದಿ ಬದಲಿಸಿದೆ. ಬೇರೆ ಕಡೆ ಕಪ್ಪು ಹಿಡಿದಿದ್ದರೆ ಅಲ್ಲಿ ಮಾತ್ರ ತಿಳಿ ಬೂದು. ಒಂದೇ ದಿಕ್ಕಿಗೆ ಸಣ್ಣ ಗೀರುಗಳೂ ಇವೆ.

ಸೀನು ಚಿಕ್ಕಪ್ಪ: ಗೀರು ಕಂಡಿತು. ಸಣ್ಣ ಉಳಿಯ ಕೆಲಸ.

ರಘು: ಕಪ್ಪು ಒರೆಸಿರಬಹುದು, ಇಸವಿ ಚೆನ್ನಾಗಿ ಕಾಣಲಿ ಅಂತ. ನಾನು ಇನ್ನೂ ಒಪ್ಪಲ್ಲ.

ವೀಣಾ: ಸರಿ, ಹಿಂಬದಿ ಬಿಡು. ಮುಂಬದಿಗೆ ಬಾ. ಇಸವಿ ತಿದ್ದಿದವರು ಹಿಂಬದಿಯಲ್ಲಿ ಕೆಲಸ ಮಾಡಿದ್ದಾರೆ. ಆನೆ ಇರುವುದು ಮುಂಬದಿಯಲ್ಲಿ. ನೀನೇ ಹೇಳಿದ ಆನೆ! ಅದರ ಸೊಂಡಿಲು ಹೇಗಿದೆ?

ರಘು: … ಕೆಳಗೆ ಇಳಿದಿದೆ.

ವೀಣಾ: ಉದ್ದ ಇದೆ ಅಲ್ವಾ? 1911ರ ಆನೆಗೆ ಅಷ್ಟು ಸೊಂಡಿಲು ಇಲ್ಲ. ಇದು ತಿದ್ದಿ ಕೆತ್ತಿದ ಮೇಲಿನ ಆನೆ.

ರಘು: ಸವೆದು ಆಕಾರ ಕೆಟ್ಟಿರಬಹುದಲ್ಲ?

ವೀಣಾ: ಸವೆದರೆ ಸೊಂಡಿಲು ಗಿಡ್ಡ ಆಗುತ್ತೆ, ಉದ್ದ ಆಗುವುದಿಲ್ಲ. ತಿರುಗುಮುರುಗು ಆಗಿದ್ದರೆ ನಾನೇ ಒದ್ದಾಡುತ್ತಿದ್ದೆ. ತುಂಬಾ ಸವೆದ 1914ರ ಆನೆಯೂ ಹಂದಿ ಹಾಗೆ ಕಾಣಬಹುದು. ಆಗ ಆನೆ ಸಾಕ್ಷಿಗೆ ಬರುವುದಿಲ್ಲ, ಅಂಕಿ ಮತ್ತು ನೆಲ ನೋಡಿಯೇ ಹೇಳಬೇಕು. ನಿನ್ನ ಪುಣ್ಯ, ಇದರಲ್ಲಿ ಆನೆ ಚೆನ್ನಾಗಿ ಉಳಿದಿದೆ.

ಸೀನು ಚಿಕ್ಕಪ್ಪ: ಅಂತೂ ನಾನು ಮೊದಲೇ ಹೇಳಿದ್ದೆ, ದುಡ್ಡು ಹಾಕಬೇಡ ಅಂತ.

ಮಂಜು: ಕಾರಣ ತಪ್ಪು, ತೀರ್ಪು ಸರಿ. ಚಿಕ್ಕಪ್ಪನಿಗೆ ಅರ್ಧ ಮಾರ್ಕು.

ರಘು: 1914 ಅಂತಲೇ ಹೇಳಿ ಕಡಿಮೆಗೆ ಕೇಳಲಾ?

ವೀಣಾ: ತಿದ್ದಿದ ನಾಣ್ಯವನ್ನು ಸಂಗ್ರಹ ಮಾಡುವವರು 1914ರ ಬೆಲೆಗೂ ಕೊಳ್ಳುವುದಿಲ್ಲ. ಜೊತೆಗೆ ಕೊಂಡಿ ಗುರುತು ಬೇರೆ. ನೂರರಲ್ಲಿ 91.7 ಪಾಲು ಬೆಳ್ಳಿ, ಅಂದರೆ ಇದರಲ್ಲಿ ಹತ್ತೂವರೆ ಗ್ರಾಂ ಬೆಳ್ಳಿ. ಅದರ ರೇಟಿಗೆ ಕೊಟ್ಟರೆ ತಗೋ, ತೋರಿಸಿ ಕಲಿಸಲು ಬರುತ್ತೆ. ಮುಂದೆ ಮಾರುವಾಗ 1911 ಅನ್ನಬೇಡ ಅಷ್ಟೆ.

ಸಾವಿತ್ರಿ ಅತ್ತೆ: ಅಜ್ಜಿಯ ಸರ ನನ್ನ ಪೆಟ್ಟಿಗೆಯಲ್ಲೇ ಇದೆ. ಇಪ್ಪತ್ತು ರೂಪಾಯಿ ಇರಬೇಕು. ಕಪ್ಪಾಗಿ ಇಸವಿ ಕಾಣುತ್ತಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ ಫೋಟೋ ಕಳಿಸಲಾ?

ವೀಣಾ: ಅತ್ತೆ, ಹುಣಸೆಹಣ್ಣು ಮುಟ್ಟಲೇಬೇಡಿ!! ಆ ಕಪ್ಪು ಹೋದರೆ ಕೆರೆದ ಜಾಗ, ಕೆರೆಯದ ಜಾಗ ಎರಡೂ ಒಂದೇ ಬಣ್ಣ ಆಗುತ್ತೆ. ಹಾಗೇ ಇಟ್ಟಿರಿ, ಭಾನುವಾರ ನಾನೇ ಬರುತ್ತೇನೆ.

ಸೀನು ಚಿಕ್ಕಪ್ಪ: ಬರುವಾಗ ಆ ಎರಕದ ವಿಕ್ಟೋರಿಯಾನೂ ತಗೊಂಡು ಬಾ. ಯಾವ ಮರಳಲ್ಲಿ ಹೊಯ್ದಿದ್ದಾರೆ ನೋಡಬೇಕು.